ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಮಾತ್ರ ಇಲ್ಲ

ಹೋದ ವಾರ ಒಂದು ಡೆಸ್ಕ್‌ಟಾಪ್ ಬಂತು, ಬಟನ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಲೈಟು ಹತ್ತುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಈ ಕಂಪ್ಲೇಂಟ್ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಅದಕ್ಕೇ ಇರ್ಬೇಕು, ಯೋಚನೇನೆ ಮಾಡದೆ ಸೀದಾ ರ‍್ಯಾಮ್ ಕಿತ್ತು ರಬ್ಬರಲ್ಲಿ ಉಜ್ಜೋಕೆ ಶುರು ಮಾಡ್ದೆ. ರ‍್ಯಾಮ್ ಬದಲಾಯಿಸ್ದೆ, ಗ್ರಾಫಿಕ್ಸ್ ಕಾರ್ಡ್ ಬದಲಾಯಿಸ್ದೆ, ಮಾನಿಟರ್ ಬದಲಾಯಿಸ್ದೆ, ಎರಡು ಗಂಟೆ ಹೋಯ್ತು, ಏನೂ ಬರ್ಲಿಲ್ಲ. ಆಮೇಲೆ ಎದ್ದು ಟೀ ಕುಡ್ದು ಬಂದು, ಮೊದಲೇ ಮಾಡ್ಬೇಕಿದ್ದ ಕೆಲಸ ಮಾಡ್ದೆ.

ಮೊದಲು ಕೇಳ್ಕೋಬೇಕಾದ ಪ್ರಶ್ನೆ ಒಂದೇ: ಮಷೀನ್ ಒಳಗೆ ಓಡ್ತಾ ಇದ್ದು ಚಿತ್ರ ಮಾತ್ರ ಹೊರಗೆ ಬರ್ತಿಲ್ವಾ, ಇಲ್ಲಾ ಬೋರ್ಡೇ ಎಲ್ಲೋ ನಿಂತ್ಹೋಗಿದೆಯಾ? ಇದಕ್ಕೆ ಕೀಬೋರ್ಡ್ ಸಾಕು. ಆನ್ ಮಾಡಿ ಒಂದು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ ನೋಡಿ, ಅದರ ಲೈಟು ಒತ್ತಿದಾಗೆಲ್ಲಾ ಹತ್ತಿ ಆರ್ತಾ ಇದ್ರೆ ಮಷೀನ್ ಹೆಚ್ಚುಕಮ್ಮಿ ಜೀವಂತವಾಗಿದೆ ಅಂತ. ಆಗ ರ‍್ಯಾಮ್ ಮುಟ್ಟೋದೇ ಬೇಡ, ಮಾನಿಟರ್ ಇನ್‌ಪುಟ್ ಸರಿಯಾಗಿ ಸೆಲೆಕ್ಟ್ ಆಗಿದೆಯಾ, ಕೇಬಲ್ ಸರಿ ಇದೆಯಾ ನೋಡಿ. ಗ್ರಾಫಿಕ್ಸ್ ಕಾರ್ಡ್ ಇರೋ ಮಷೀನ್‌ಗೆ ಕೇಬಲನ್ನ ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿ ಕೂತಿರೋರು ಬೇಕಾದಷ್ಟು ಜನ ಇದಾರೆ, ಅದು ಕಾರ್ಡ್‌ನ ಪೋರ್ಟ್‌ಗೇ ಹೋಗ್ಬೇಕು. ಮಾನಿಟರಲ್ಲಿ No Signal ಅಂತಾದ್ರೂ ಬಂದ್ರೆ ಮಾನಿಟರ್‌ಗೆ ಕರೆಂಟ್ ಬರ್ತಿದೆ, ಪ್ಯಾನಲ್ಲೂ ಬೆಳಗ್ತಿದೆ ಅಂತ ಅರ್ಥ.

ನನ್ನ ಕೇಸಲ್ಲಿ ಕ್ಯಾಪ್ಸ್ ಲಾಕ್ ಲೈಟು ಹತ್ತಲೇ ಇಲ್ಲ. ಅಂದ್ರೆ ಬೋರ್ಡ್ ನಿಂತಿದೆ, ಮಾನಿಟರ್ ಬದಲಾಯಿಸಿದ್ದು ದಂಡ.

ಮುಂದಿನ ಹೆಜ್ಜೆ ಬೀಪ್, ಅಂದ್ರೆ ತಪ್ಪು ಕಂಡಾಗ ಬೋರ್ಡ್ ಮಾಡೋ ಸದ್ದು. ಈಗಿನ ಕೇಸ್‌ಗಳಲ್ಲಿ ಸ್ಪೀಕರೇ ಇರಲ್ಲ, ಬೀಪ್ ಬರ್ಲಿಲ್ಲ ಅಂದ್ರೆ ಏನೂ ಅರ್ಥ ಆಗಲ್ಲ, ಅದಕ್ಕೆ ಬೆರಳುಗಾತ್ರದ ಪುಟ್ಟ ಸ್ಪೀಕರ್ ಒಂದನ್ನ ಕಿಟ್‌ನಲ್ಲಿ ಇಟ್ಕೊಂಡಿರ್ತೀನಿ, ಬೋರ್ಡಲ್ಲಿ ಸ್ಪೀಕರ್ ಪಿನ್ ಇದ್ರೆ ಅಲ್ಲಿ ಸಿಕ್ಕಿಸೋದು. ಪವರ್ ಕೇಬಲ್ ಕಿತ್ತು, ಬಟನ್ ಒಂದೈದು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ, ರ‍್ಯಾಮ್ ಎಲ್ಲಾ ತೆಗೆದು ಮತ್ತೆ ಆನ್ ಮಾಡಿ. ರ‍್ಯಾಮ್ ಇಲ್ದೆ ಬೋರ್ಡ್ ಕೂಗಿಕೊಂಡ್ರೆ ಒಳ್ಳೇದು, ಸಿಪಿಯು ಮತ್ತೆ ಬಯೋಸ್ ಕೆಲಸ ಮಾಡ್ತಿವೆ, ಆಗ ಒಂದೊಂದೇ ರ‍್ಯಾಮ್ ಸ್ಟಿಕ್ ಹಾಕಿ ನೋಡ್ತಾ ಹೋಗ್ಬಹುದು. ರ‍್ಯಾಮ್ ಇಲ್ದೇನೂ ಸದ್ದೇ ಇಲ್ಲ ಅಂದ್ರೆ ತಪ್ಪು ರ‍್ಯಾಮ್‌ಗಿಂತ ಮುಂಚೆ ಇದೆ, ಅಂದ್ರೆ ಸಿಪಿಯು, ಬೋರ್ಡ್, ಇಲ್ಲಾ ಪವರ್. ಕೆಲವು ಬೋರ್ಡ್‌ಗಳಲ್ಲಿ ಸಿಪಿಯು, ರ‍್ಯಾಮ್, ವಿಜಿಎ ಅಂತ ಪುಟ್ಟ ಎಲ್‌ಇಡಿ ಇರ್ತವೆ, ಯಾವುದು ಹತ್ತಿ ಅಲ್ಲೇ ನಿಲ್ಲುತ್ತೋ ಅಲ್ಲಿಂದ ಹುಡುಕಿ, ಅದಿದ್ರೆ ಸ್ಪೀಕರ್ ಕೂಡ ಬೇಡ.

ನಂದು ಸದ್ದಿಲ್ಲ. ಆಗ ಮಷೀನ್ ತಂದವ್ರಿಗೆ ಫೋನ್ ಮಾಡಿ, "ಇದು ಕೆಡೋಕೆ ಮುಂಚೆ ಏನಾದ್ರೂ ಬಿಚ್ಚಿದ್ರಾ ಸರ್?" ಅಂತ ಕೇಳ್ದೆ. "ಧೂಳು ಜಾಸ್ತಿ ಆಗಿತ್ತಲ್ಲ, ಎಲ್ಲಾ ಬಿಚ್ಚಿ ಕ್ಲೀನ್ ಮಾಡಿದ್ವಿ, ವಾಪಸ್ ಹಾಗೇ ಹಾಕಿದೀವಿ" ಅಂದ್ರು. ಟಾರ್ಚ್ ಹಾಕಿ ಬೋರ್ಡ್‌ನ ಮೇಲ್ಗಡೆ ಎಡಮೂಲೆ, ಹೀಟ್‌ಸಿಂಕ್ ಹಿಂದೆ ನೋಡಿದ್ರೆ ಸಿಪಿಯುಗೆ ಹೋಗೋ 8 ಪಿನ್ ಕನೆಕ್ಟರ್ ಓರೆಯಾಗಿ ಅರ್ಧ ಮಾತ್ರ ಕೂತಿದೆ, ಕೊಕ್ಕೆ ಸಿಕ್ಕಿಕೊಂಡಿಲ್ಲ. ಮೇಲಿಂದ ನೋಡಿದ್ರೆ ಸರಿಯಾಗೇ ಇದೆ ಅನ್ಸುತ್ತೆ. ಒತ್ತಿದೆ, ಟಕ್ ಅಂತು, ರ‍್ಯಾಮ್ ಹಾಕಿ ಆನ್ ಮಾಡ್ದೆ, ಡಿಸ್‌ಪ್ಲೇ ಬಂತು.

ಹಾಗಾದ್ರೆ ಫ್ಯಾನ್ ಹೇಗೆ ತಿರುಗ್ತಿತ್ತು ಅಂತ ಕೇಳ್ಬಹುದು. ಫ್ಯಾನ್‌ಗೆ 12 ವೋಲ್ಟ್ ದೊಡ್ಡ 24 ಪಿನ್ ಕೇಬಲ್‌ನಿಂದ ಬರುತ್ತೆ, ಆದ್ರೆ ಸಿಪಿಯುಗೆ ವೋಲ್ಟೇಜ್ ಇಳಿಸಿ ಕೊಡೋ ಸರ್ಕ್ಯೂಟ್‌ಗೆ 12 ವೋಲ್ಟ್ ಬರೋದು ಈ ಬೇರೆ ಕನೆಕ್ಟರಿಂದ. ಅದಿಲ್ದಿದ್ರೆ ಫ್ಯಾನ್ ಓಡ್ತಾನೇ ಇರುತ್ತೆ, ಸಿಪಿಯು ಏಳೋದೇ ಇಲ್ಲ. ಹಾಗಾಗಿ ಫ್ಯಾನ್ ತಿರುಗಿದ ಮಾತ್ರಕ್ಕೆ ಪವರ್ ಸಪ್ಲೈ ಓಕೆ ಅಂತ ನಾನಂತೂ ಈಗ ಬರೆದುಕೊಡಲ್ಲ.

ಇನ್ನೊಂದು ಸಂಗತಿ, ಡಿಡಿಆರ್5 ಇರೋ ಹೊಸ ಮಷೀನಲ್ಲಿ ರ‍್ಯಾಮ್ ಬದಲಾಯಿಸಿದ್ಮೇಲೆ ಅಥವಾ ಬಯೋಸ್ ರೀಸೆಟ್ ಮಾಡಿದ್ಮೇಲೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು, ಬೋರ್ಡ್ ಮೆಮೊರಿ ಟ್ರೈನಿಂಗ್, ಅಂದ್ರೆ ಮೆಮೊರಿ ಜೊತೆ ಹೊಂದಿಸ್ಕೊಳ್ಳೋ ಕೆಲಸ ಮಾಡ್ತಿರುತ್ತೆ, ಅವಸರ ಪಟ್ಟು ಆಫ್ ಮಾಡಿದ್ರೆ ಮತ್ತೆ ಮೊದಲಿಂದ ಶುರು. ನನ್ನ ಜೊತೆ ಕೆಲಸ ಮಾಡೋ ಹುಡುಗ ಮೊನ್ನೆ ಅಂಥದ್ದನ್ನೇ ಮೂರು ಸಲ ಆಫ್ ಮಾಡಿ ಬೋರ್ಡ್ ಸತ್ತಿದೆ ಅಂತ ಚೀಟಿ ಅಂಟಿಸಿದ್ದ. ಅದನ್ನ ಆನ್ ಮಾಡಿ ಬಿಟ್ಟು ಊಟಕ್ಕೆ ಹೋಗಿ ಬಂದೆ, ಲಾಗಿನ್ ಸ್ಕ್ರೀನ್ ಕಾಯ್ತಿತ್ತು.