ಗಾಜು ಕೂರಿಸುವ ಮೊದಲು ಮರಕ್ಕೆ ಎಣ್ಣೆ ಕುಡಿಸಿ

ಹಳೆ ಕಿಟಕಿ ರಿಪೇರಿಗೆ ಹೋದಾಗ ನಾನು ಮೊದಲು ನೋಡುವುದು ಒಡೆದ ಗಾಜನ್ನಲ್ಲ, ಉದುರಿದ ಪುಟ್ಟಿಯನ್ನು. ಈಚೆಗೆ ಸಾಗರದ ಕಡೆಯ ಒಂದು ಮನೆಯಲ್ಲಿ ಪಡುವಣ ದಿಕ್ಕಿನ ಕಿಟಕಿಯಿಂದ ಪುಟ್ಟಿ ಉದ್ದುದ್ದ ತುಂಡಾಗಿ ಕಳಚಿ ಬಂತು. ಅದರ ಹಿಂದೆ ಮರ ಒಣಗಿ ಬೆಳ್ಳಗಿತ್ತು. ಬಣ್ಣವೂ ಇಲ್ಲ, ಎಣ್ಣೆಯ ಜಿಡ್ಡೂ ಇಲ್ಲ. ಹಿಂದೆ ಕೆಲಸ ಮಾಡಿದವರು ಬರೀ ಮರಕ್ಕೇ ಪುಟ್ಟಿ ಹಚ್ಚಿದ್ದರು ಅಂತ ಗೊತ್ತಾಯಿತು.

ಗಾಜಿನ ಪುಟ್ಟಿ ಅಂದರೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ, ಅಷ್ಟೇ. ಒಣ ಮರ ಆ ಎಣ್ಣೆಯನ್ನು ಹೀರಿಕೊಂಡರೆ ಉಳಿಯುವುದು ಬರೀ ಪುಡಿ. ಅದು ಹಿಡಿದು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಸುಮ್ನೆ ಪುಟ್ಟಿ ಅಂತ ಕೇಳಿದರೆ ಗೋಡೆಗೆ ಹಚ್ಚುವುದನ್ನು ಕೊಡುತ್ತಾರೆ. ಅದು ಈ ಕೆಲಸಕ್ಕೆ ಆಗುವುದಿಲ್ಲ, ನೋಡಿ ತೆಗೆದುಕೊಳ್ಳಿ.

ಗಾಜು ಕೂರುವ ಕಚ್ಚನ್ನು ಉಳಿಯಿಂದ ಕೆರೆದು, ಧೂಳು ಒರೆಸಿ, ಅಗಸೆ ಎಣ್ಣೆ ಹಚ್ಚಿ ಮರುದಿನದವರೆಗೆ ಬಿಟ್ಟೆ. (ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ.) ಕಚ್ಚಿನ ಅಳತೆ 30 ಸೆಂಟಿಮೀಟರ್ ಅಗಲ, 45 ಎತ್ತರ. ಗಾಜನ್ನು ಅಗಲದಲ್ಲೂ ಎತ್ತರದಲ್ಲೂ 3 ಮಿಲಿಮೀಟರ್ ಕಡಿಮೆ ಕತ್ತರಿಸಿದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅಲ್ವಾ, ಗಾಜು ಬಿಗಿಯಾಗಿ ಕೂತಿದ್ದರೆ ಮೂಲೆಯಲ್ಲಿ ಸೀಳು ಬೀಳುತ್ತದೆ.

ಆಮೇಲೆ ಕಚ್ಚಿನ ಸುತ್ತ ತೆಳ್ಳಗೆ ಪುಟ್ಟಿ ಹಾಸಿ, ಅದರ ಮೇಲೆ ಗಾಜು ಇಟ್ಟು ಅಂಚಿನ ಉದ್ದಕ್ಕೂ ಬೆರಳಿಂದ ಒತ್ತಿದೆ. ನಡುವೆ ಮಾತ್ರ ಒತ್ತಬೇಡಿ, ಒಡೆಯುತ್ತದೆ. ಒಳಬದಿಯಲ್ಲಿ ಎಲ್ಲಾ ಕಡೆ ಪುಟ್ಟಿ ಹೊರಗೆ ಉಕ್ಕಿದರೆ ಹಾಸು ಸರಿಯಾಗಿದೆ. ಉಕ್ಕದ ಜಾಗದಲ್ಲಿ ಪೊಳ್ಳಿದೆ, ಗಾಳಿಗೆ ಗಾಜು ಅಲ್ಲೇ ಕಟಕಟ ಅನ್ನುತ್ತದೆ.

ಗಾಜನ್ನು ಹಿಡಿದಿಡುವುದು ಪುಟ್ಟಿಯಲ್ಲ, ಚಿಕ್ಕ ತ್ರಿಕೋನದ ತಗಡಿನ ಚೂರುಗಳು. ಅವು ಸಿಗದಿದ್ದರೆ ತಲೆಯಿಲ್ಲದ ಸಣ್ಣ ಮೊಳೆ ಸಾಕು. ಉದ್ದದ ಬದಿಗೆ ಮೂರು, ಅಗಲದ ಬದಿಗೆ ಎರಡರಂತೆ ಒಟ್ಟು ಹತ್ತು ಹಾಕಿದೆ. ತಗಡನ್ನು ಗಾಜಿನ ಮೇಲೆ ಮಲಗಿಸಿ, ಉಳಿಯ ಚಪ್ಪಟೆ ಬದಿಯನ್ನೂ ಗಾಜಿಗೆ ತಾಗಿಸಿಟ್ಟು ಮರದೊಳಗೆ ಜಾರಿಸಬೇಕು. ಉಳಿ ಮೇಲೆದ್ದರೆ ಪೆಟ್ಟು ಗಾಜಿಗೇ ಬೀಳುತ್ತದೆ. ತಗಡು ಗಾಜನ್ನು ಮುಟ್ಟಿಕೊಂಡಿರಲಿ, ಅದುಮಬಾರದು.

ಕೊನೆಗೆ ಹೊರಬದಿಗೆ ಇಳಿಜಾರಾಗಿ ಪುಟ್ಟಿ ತುಂಬಿ, ಚಾಕುವನ್ನು ಒಂದೇ ಎಳೆತಕ್ಕೆ ಎಳೆದೆ. ಒಳಗಿಂದ ನೋಡಿದರೆ ಪುಟ್ಟಿ ಮರದ ಅಂಚಿನಾಚೆ ಕಾಣಬಾರದು. ಎರಡು ವಾರ ಬಿಟ್ಟು, ಮೇಲೆ ಸಿಪ್ಪೆಗಟ್ಟಿದ ಮೇಲೆ ಬಣ್ಣ ಹೊಡೆದೆ. ಬಣ್ಣ 2 ಮಿಲಿಮೀಟರ್‌ನಷ್ಟು ಗಾಜಿನ ಮೇಲೂ ಹತ್ತಿರಬೇಕು. ಮನೆಯ ಅಮ್ಮ, "ಆ ಗೆರೆ ಚೆನ್ನಾಗಿ ಕಾಣಲ್ಲ, ಬ್ಲೇಡಲ್ಲಿ ಕೆರೆದುಬಿಡಿ" ಅಂದರು. ಒಪ್ಪಲಿಲ್ಲ. ಆ ಗೆರೆ ಹೋದರೆ ಗಾಜಿಗೂ ಪುಟ್ಟಿಗೂ ನಡುವೆ ಮಳೆನೀರು ಇಳಿಯುತ್ತದೆ ಅಂತ ತೋರಿಸಿ ಹೇಳಿದ ಮೇಲೆ, "ಹಾಗಾದರೆ ಇರಲಿ ಬಿಡಿ" ಅಂದರು.