ಮಂಟಪ ಗೊತ್ತು, ಬಾಗಿಲು ಎಲ್ಲಿ?

“ಲಗ್ನಪತ್ರಿಕೆಯಾಗ ಮಂಟಪದ ಹೆಸರು, ಏರಿಯಾ ಎರಡ ಇರ್ತಾವ. ನೀವು ಸೀದಾ ಗೇಟಿಗೇ ಹೆಂಗ ಹೋಗಿ ನಿಂದರ್ತೀರಿ?”

ನಾನು ಕೊಪ್ಪಳದಲ್ಲಿ ಮದುವೆ ಫೋಟೋ ತೆಗೆಯುವವನು. ಬೀಗರು ತಡವಾಗಿ ಬಂದರೆ ನಡೆದೀತು, ಕ್ಯಾಮೆರಾ ತಡವಾದರೆ ಇಲ್ಲ. ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಊರನ್ನು, ಆಮೇಲೆ ಮಂಟಪವನ್ನು.

ನಮ್ಮ ಕಡೆ ರಸ್ತೆಗೆ ಅದು ಹೋಗಿ ಮುಟ್ಟುವ ಊರಿನ ಹೆಸರು. ‘ಕೊಪ್ಪಳ ರಸ್ತೆ’ ಅಂತ ಓದಿ ಕೊಪ್ಪಳದಲ್ಲಿ ಹುಡುಕಿದರೆ ಸಿಗದು, ಅದು ಗಂಗಾವತಿಯದು. ‘ರಾಯಚೂರು ರಸ್ತೆ’ ಗಂಗಾವತಿಯಲ್ಲೂ ಉಂಟು, ಸಿಂಧನೂರಿನಲ್ಲೂ ಉಂಟು. ಮಂಟಪಕ್ಕೆ ಬಸವೇಶ್ವರನದೋ ವೀರಭದ್ರನದೋ ಹೆಸರಿದ್ದರಂತೂ ಮುಗಿಯಿತು. ಒಮ್ಮೆ ಹೀಗೇ ರಾಯಚೂರು ರಸ್ತೆ ಅಂತ ಅಚ್ಚಾಗಿತ್ತು. ಹುಡುಗನದು ಗಂಗಾವತಿ, ಅಲ್ಲೇ ಇರಬೇಕೆಂದು ಬೆಳಿಗ್ಗೆ ಐದೂವರೆಗೆ ಹೋದೆ. ಗೇಟಿಗೆ ಬೀಗ, ಕಟ್ಟಿಯ ಮೇಲೆ ಒಂದು ನಾಯಿ. ಮದುವೆ ಇದ್ದದ್ದು ಹುಡುಗಿಯ ಊರು ಸಿಂಧನೂರಿನಲ್ಲಿ. ಕಾರಟಗಿ ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುರಗಿ ಮುಗಿದಿತ್ತು.

ಊರು ಖಾತ್ರಿಯಾದ ಮೇಲೆ ಮ್ಯಾಪ್ ತೆರೆಯುತ್ತೇನೆ, ಆದರೆ ದಾರಿಗಾಗಿ ಅಲ್ಲ. ಮಂಟಪದ ಪುಟದಲ್ಲಿ ಜನ ಹಾಕಿದ ಫೋಟೋಗಳಲ್ಲಿ ಕಮಾನು, ಎದುರಿನ ಅಂಗಡಿ ಬೋರ್ಡು ಕಾಣುತ್ತವೆ, ಅವನ್ನು ನೋಡಿಕೊಳ್ಳುತ್ತೇನೆ. ಮ್ಯಾಪಿನ ಗುರುತು ಸಾಮಾನ್ಯವಾಗಿ ಕಟ್ಟಡದ ನಡುವೆ ಇರುತ್ತದೆ. ದಾರಿ ತೋರಿಸುವಾಗ ಅದಕ್ಕೆ ಹತ್ತಿರದ ರಸ್ತೆಗೆ ಒಯ್ದು ‘ಮುಟ್ಟಿದಿರಿ’ ಅನ್ನುವುದುಂಟು. ಆ ರಸ್ತೆ ಹಿಂದಿನ ಸಂದಿಯಾಗಿದ್ದರೆ ನಿಮ್ಮ ಕಾರು ಪಾತ್ರೆ ತೊಳೆಯುವವರ ಮುಂದೆ ನಿಲ್ಲುತ್ತದೆ.

ಗೇಟಿನ ಮಾತು ಕೇಳಬೇಕಾದದ್ದು ಅಡುಗೆಯವರನ್ನು. ಮನೆಯವರಿಗೆ ಹಿಂದಿನ ದಿನ ಫೋನ್ ಮಾಡಿದರೆ “ಬರ್ರಿ ಬರ್ರಿ, ಯಾರನ್ ಕೇಳಿದ್ರೂ ಹೇಳ್ತಾರ” ಅಂತಾರೆ. ಅವರದೂ ತಪ್ಪಲ್ಲ, ತಲೆಯ ತುಂಬಾ ಬೇರೆ ಕೆಲಸ. ಅಡುಗೆಯವರು ಹಿಂದಿನ ಸಂಜೆಯೇ ಅಲ್ಲಿರುತ್ತಾರೆ. ಮನೆಯವರಿಂದ ಅವರ ನಂಬರು ಇಸಕೊಂಡು ನಾನು ಕೇಳುವುದು ಒಂದೇ: “ಅಣ್ಣಾ, ಮಂದಿ ಬರೋ ಗೇಟಿನಾಗ ನಿಂತ್ರ ಎದುರಿಗೆ ಏನ್ ಕಾಣ್ತದ?” ಕಳೆದ ಸಲ ಬಂದ ಉತ್ತರ: “ಎದುರಿಗೆ ಟೈರ್ ಅಂಗಡಿ ಐತ್ರಿ. ಮೇನ್ ರೋಡಿಗಿರೋದು ನಮ್ಮ ಅಡಿಗಿ ಗೇಟು, ಅಲ್ಲಿ ಬರಬ್ಯಾಡ್ರಿ. ಪಕ್ಕದ ಸಂದ್ಯಾಗ ಒಳಗ ಬರ್ರಿ.”

ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿ ಅಂದಾಗಲೂ ಗೇಟಿನಲ್ಲಿ ನಿಂತು ಕಳಿಸಿ ಅನ್ನಬೇಕು. ಮನೆಯಲ್ಲಿ ಕೂತು Send your current location ಒತ್ತಿದ ಮಾವನವರು ತಮ್ಮ ಮನೆಯನ್ನೇ ಕಳಿಸಿದ್ದರು. ಹೋದೆ, ಚಹಾ ಕುಡಿದೆ, ಅವರನ್ನೇ ಕಾರಿನಲ್ಲಿ ಕೂರಿಸಿಕೊಂಡು ಮಂಟಪಕ್ಕೆ ಹೋದೆ.

ಮುಟ್ಟಿದ ಮೇಲೂ ಬ್ಯಾನರ್ ಮೇಲಿನ ವಧು ವರರ ಹೆಸರು ಓದಿಯೇ ಒಳಗೆ ಹೋಗುತ್ತೇನೆ. ಕೆಳಗೊಂದು, ಮೇಲೊಂದು ಹಾಲ್ ಇರುವ ಕಡೆ ಎರಡು ಮದುವೆ ಒಟ್ಟಿಗೇ ನಡೆಯುತ್ತವೆ, ಉಪ್ಪಿಟ್ಟು ಎರಡೂ ಕಡೆ ಕೊಡುತ್ತಾರೆ.