ಟೆಂಡರ್ ದಾಖಲೆಯಲ್ಲಿ ಮೊದಲು ಅರ್ಹತೆಯ ಪುಟ ತೆಗೆಯಿರಿ

ಕಾಮಗಾರಿಯ ತನಿಖೆಗೆ ಕೂತವರು ಸಾಮಾನ್ಯವಾಗಿ ದರಪಟ್ಟಿಯಿಂದ ಶುರು ಮಾಡುತ್ತಾರೆ. ಯಾರು ಕಡಿಮೆ ಹಾಕಿದರು, ಅಂದಾಜಿಗಿಂತ ಎಷ್ಟು ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ಆದರೆ ಒಬ್ಬ ಗುತ್ತಿಗೆದಾರನಿಗೆ ಕೆಲಸ ಹೋಗಲೇಬೇಕು ಎಂದು ನಿರ್ಧಾರವಾಗಿದ್ದರೆ ಆಟ ದರ ತೆರೆಯುವ ಮೊದಲೇ ಮುಗಿದಿರುತ್ತದೆ. ಅದರ ಗುರುತು ಇರುವುದು ಅರ್ಹತಾ ಷರತ್ತುಗಳಲ್ಲಿ.

ಕೊಡಗಿನಲ್ಲಿ 2018ರ ಭೂಕುಸಿತದ ನಂತರ ಹೆಚ್ಚು ಕಾಣುವ ಕಾಮಗಾರಿ ರಸ್ತೆ ಬದಿಯ ತಡೆಗೋಡೆ. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಮಾಡಿಕೊಂಡವು: ಅಂದಾಜು 1.80 ಕೋಟಿ ರೂಪಾಯಿ, ಅವಧಿ 12 ತಿಂಗಳು, ಕಾಂಕ್ರೀಟ್ 2,400 ಘನ ಮೀಟರ್, ಗ್ಯಾಬಿಯನ್ (ತಂತಿ ಬಲೆಯಲ್ಲಿ ಕಲ್ಲು ತುಂಬಿದ ಪೆಟ್ಟಿಗೆ) 900 ಘನ ಮೀಟರ್.

ದಾಖಲೆಯ ಕೊನೆಯಲ್ಲಿರುವ ಪರಿಮಾಣ ಪಟ್ಟಿಯನ್ನು, ಅಂದರೆ ಬಿಒಕ್ಯು ಅನ್ನು, ಅರ್ಹತೆಯ ಪುಟದ ಪಕ್ಕಕ್ಕೆ ಇಡಿ. ಹಿಂದೆ ಇಷ್ಟು ಪರಿಮಾಣದ ಕೆಲಸ ಮಾಡಿರಬೇಕು ಎಂಬ ಷರತ್ತು ಈ ಕೆಲಸದ ಪರಿಮಾಣದಿಂದಲೇ ಹುಟ್ಟಬೇಕು. ಕಾಂಕ್ರೀಟ್ 1,920 ಘನ ಮೀಟರ್ ಕೇಳಿದ್ದರೆ ಅದು 2,400ರ ಶೇ 80, ಲೆಕ್ಕ ಸಿಗುತ್ತದೆ. ಗ್ಯಾಬಿಯನ್ ಮಾತ್ರ 3,100 ಘನ ಮೀಟರ್ ಕೇಳಿದ್ದರೆ? ಇಲ್ಲಿ ಬೇಕಿರುವುದು 900. ಮೂರೂವರೆ ಪಟ್ಟು ಅನುಭವ ಯಾಕೆ ಬೇಕಾಯಿತು ಎನ್ನುವ ಟಿಪ್ಪಣಿ ಕಡತದಲ್ಲಿ ಇರಲೇಬೇಕು. ಇಲ್ಲದಿದ್ದರೆ ಗೆದ್ದವನ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ತೆಗೆಯಿರಿ. ಅದರಲ್ಲಿ ಗ್ಯಾಬಿಯನ್ 3,146 ಎಂದಿದ್ದರೆ, ಅಂಗಿ ಹೊಲಿದದ್ದು ಯಾರ ಅಳತೆಗೆ ಎಂದು ಗೊತ್ತಾಗುತ್ತದೆ. ಪ್ರಮಾಣಪತ್ರದ ದಿನಾಂಕವನ್ನೂ ನೋಡಿ. ಟೆಂಡರ್ ಪ್ರಕಟಣೆಗೆ ಕೆಲವೇ ವಾರ ಮೊದಲು ಕೊಟ್ಟದ್ದಾದರೆ ಅದನ್ನು ಕೊಟ್ಟ ಕಚೇರಿಯ ಅಳತೆ ಪುಸ್ತಕ ತರಿಸಿ ತಾಳೆ ನೋಡಬೇಕು.

ಎಲ್ಲ ಬಿಗಿ ಷರತ್ತೂ ಮೋಸವಲ್ಲ. ಡಾಂಬರು ಮಿಶ್ರಣ ಘಟಕ ಇಂತಿಷ್ಟು ಕಿಲೋಮೀಟರ್ ಒಳಗಿರಬೇಕು ಎನ್ನುವುದಕ್ಕೆ ಕಾರಣವಿದೆ: ಬಿಸಿ ಮಿಶ್ರಣ ಘಾಟಿ ರಸ್ತೆಯಲ್ಲಿ ಬರುವಷ್ಟರಲ್ಲಿ ತಣ್ಣಗಾದರೆ ರೋಲರ್ ಎಷ್ಟು ಓಡಿಸಿದರೂ ಕೂರುವುದಿಲ್ಲ. ಅದೇ ಷರತ್ತು 'ಸ್ವಂತ ಘಟಕವೇ ಆಗಬೇಕು, ಬಾಡಿಗೆ ಒಪ್ಪಂದ ನಡೆಯದು' ಎಂದರೆ ಕಾರಣ ಬಿದ್ದುಹೋಯಿತು. ಮಿಶ್ರಣದ ಬಿಸಿಗೆ ಘಟಕದ ಮಾಲೀಕ ಯಾರಾದರೇನು?

ಎರಡನೆಯ ಜಾಗ ಟೆಂಡರ್ ಸಾಮರ್ಥ್ಯದ ಲೆಕ್ಕ, ಅಂದರೆ ಗುತ್ತಿಗೆದಾರ ಇನ್ನೆಷ್ಟು ಕೆಲಸ ಹೊರಬಲ್ಲ ಎಂಬುದು. ರಾಜ್ಯದ ಕಾಮಗಾರಿ ಟೆಂಡರುಗಳಿಗೆ ಬಳಸುವ ಕೆಡಬ್ಲ್ಯು-4 ಮಾದರಿಯ ದಾಖಲೆಯಲ್ಲಿ ಸೂತ್ರ ಹೀಗಿರುತ್ತದೆ:

```
A × N × 1.5 − B
```

A ಎಂದರೆ ಹಿಂದಿನ ಐದು ವರ್ಷಗಳಲ್ಲಿ ಒಂದೇ ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯ, N ಈ ಕೆಲಸಕ್ಕೆ ಕೊಟ್ಟ ವರ್ಷಗಳು, B ಆ ಅವಧಿಯಲ್ಲಿ ಕೈಯಲ್ಲಿರುವ ಬೇರೆ ಕೆಲಸಗಳ ಬಾಕಿ ಮೌಲ್ಯ. ಸುಳ್ಳು ನುಸುಳುವುದು B ಯಲ್ಲಿ, ಏಕೆಂದರೆ ಅದನ್ನು ಗುತ್ತಿಗೆದಾರನೇ ಬರೆದುಕೊಡುತ್ತಾನೆ. ನಮ್ಮ ಉದಾಹರಣೆಯಲ್ಲಿ A 1.50 ಕೋಟಿ, N ಒಂದು ಎನ್ನಿ. ಗುಣಿಸಿದರೆ 2.25 ಕೋಟಿ. B 40 ಲಕ್ಷ ಎಂದು ಬರೆದರೆ ಉಳಿಯುವುದು 1.85 ಕೋಟಿ, 1.80 ಕೋಟಿಯ ಕೆಲಸಕ್ಕೆ ಕೂದಲೆಳೆಯಲ್ಲಿ ಪಾಸು. ಈಗ ಖರೀದಿ ಪೋರ್ಟಲಿನಲ್ಲಿ ಆ ಹೆಸರಿಗೆ ಸಿಕ್ಕ ಟೆಂಡರುಗಳನ್ನು ಹುಡುಕಿ. ವಿರಾಜಪೇಟೆ ಕಡೆ 35 ಲಕ್ಷ ಬಾಕಿಯ ಕೆಲಸ ಕಂಡರೆ ಸಾಮರ್ಥ್ಯ 1.50 ಕೋಟಿಗೆ ಇಳಿದು ಆತ ಅನರ್ಹನಾಗುತ್ತಾನೆ. ಜಿಲ್ಲೆಯೊಳಗೆ ಮಾತ್ರ ಹುಡುಕಿ ನಿಲ್ಲಿಸಬೇಡಿ, ಮೈಸೂರು, ಹಾಸನ, ದಕ್ಷಿಣ ಕನ್ನಡವನ್ನೂ ನೋಡಿ. ಪಂಚಾಯತ್ ರಾಜ್ ಮತ್ತು ನೀರಾವರಿ ಕೆಲಸಗಳೂ B ಗೆ ಸೇರುತ್ತವೆ.

ಆಮೇಲೆ ತಾಂತ್ರಿಕ ಪರಿಶೀಲನಾ ವರದಿ. ತಿರಸ್ಕೃತರ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದೇ ಕಾರಣವನ್ನು ಗೆದ್ದವನ ಕಾಗದಗಳ ಮೇಲೆ ಪ್ರಯೋಗಿಸಿ. ಒಬ್ಬನನ್ನು 'ಯಂತ್ರದ ದಾಖಲೆ ನೋಟರಿಯಾಗಿಲ್ಲ' ಎಂದು ಕೈಬಿಟ್ಟು, ಇನ್ನೊಬ್ಬನ ನೋಟರಿ ಇಲ್ಲದ ಕಾಗದವನ್ನು ಒಪ್ಪಿದ್ದರೆ, ನನ್ನ ಮಟ್ಟಿಗೆ ಅದು ಷರತ್ತಿಗಿಂತ ಗಟ್ಟಿ ಸಾಕ್ಷಿ. ಷರತ್ತಿಗೆ ನೂರು ಸಮರ್ಥನೆ ಕೊಡಬಹುದು, ಒಂದೇ ದಿನ ಒಂದೇ ಸಮಿತಿ ಇಟ್ಟ ಎರಡು ತಕ್ಕಡಿಗೆ ಕೊಡುವುದು ಕಷ್ಟ.

ಒಬ್ಬನೇ ಬಿಡ್ ಹಾಕಿದ್ದಾನೆ ಎಂಬುದನ್ನು ಮಾತ್ರ ಸಾಕ್ಷಿ ಎಂದು ಬರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಸುರಿಯುವ ಜಿಲ್ಲೆಯಲ್ಲಿ, ಬೆಟ್ಟದ ಕೆಲಸಕ್ಕೆ, ಹೊರಗಿನವರು ಬಾರದಿರಲು ಬೇರೆ ಕಾರಣವೂ ಇರುತ್ತದೆ. ಅದೇ ವಿಭಾಗದ ಮೂರು ವರ್ಷಗಳ ತಡೆಗೋಡೆ ಟೆಂಡರುಗಳನ್ನು ಸಾಲಾಗಿಟ್ಟು ನೋಡಿ. ಗ್ಯಾಬಿಯನ್ ಷರತ್ತು ಉಳಿದವುಗಳಲ್ಲಿ ಬಿಒಕ್ಯುಗೆ ತಾಳೆಯಾಗಿ ಇದೊಂದರಲ್ಲೇ ಉಬ್ಬಿದ್ದರೆ, ಕರಡು ಟೆಂಡರಿಗೆ ಅನುಮೋದನೆ ಕೊಟ್ಟ ಟಿಪ್ಪಣಿ ಹಾಳೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಆ 3,100 ಯಾರ ಕೈಬರಹದಲ್ಲಿ ಮೊದಲು ಬಂತು ಎಂಬುದು ಅಲ್ಲಿರುತ್ತದೆ.